ಪ್ರಿಂಟ್ ಕಪ್ಪಾಗಿ ಬರುತ್ತಿದೆಯೇ? ಕಲರಿಮೀಟರ್‌ನಿಂದ ಮಾನಿಟರನ್ನು ಕಾಗದಕ್ಕೆ ಹೊಂದಿಸುವ ಕ್ರಮ

ಕಲರಿಮೀಟರ್ ಕೊಂಡುಕೊಂಡ ಓದುಗರು ಪದೇ ಪದೇ ಕೇಳುವುದು ಎರಡೇ ಪ್ರಶ್ನೆ. ಬಿಳಿ ಬಿಂದುವನ್ನು 5,000 ಕೆಲ್ವಿನ್‌ಗೆ ಇಡಬೇಕೇ, 6,500ಕ್ಕೆ ಇಡಬೇಕೇ? ಬೆಳಕನ್ನು 80 ಕ್ಯಾಂಡೆಲಾಗೆ ಇಡಬೇಕೇ, 120ಕ್ಕೆ ಇಡಬೇಕೇ? ಈ ಪ್ರಶ್ನೆಗಳಿಗೆ ಎಲ್ಲರಿಗೂ ಹೊಂದುವ ಒಂದು ಸಂಖ್ಯೆಯನ್ನು ಹೇಳಿ ಮುಗಿಸಲು ಆಗುವುದಿಲ್ಲ. ಸರಿಯಾದ ಸಂಖ್ಯೆ ನಿಮ್ಮ ಮಾನಿಟರ್‌ನಲ್ಲಿ ಇರುವುದಿಲ್ಲ. ನೀವು ಪ್ರಿಂಟನ್ನು ಯಾವ ದೀಪದ ಕೆಳಗೆ ಹಿಡಿದು ನೋಡುತ್ತೀರೋ ಆ ದೀಪದಲ್ಲಿ ಇರುತ್ತದೆ. ಆ ದೀಪದಿಂದ ಸಂಖ್ಯೆಗಳನ್ನು ಹೇಗೆ ಪಡೆಯಬೇಕು, ಪಡೆದ ಮೇಲೆ ಕಲರಿಮೀಟರ್‌ಗೆ ಹೇಗೆ ಹೇಳಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಕ್ಯಾಲಿಬ್ರೇಷನ್ ಎಂದರೆ ಮಾನಿಟರನ್ನು ನಾವು ಬಯಸಿದ ಸ್ಥಿತಿಗೆ ತರುವುದು: ಬಿಳುಪು ಇಷ್ಟು ಬೆಳಗಿರಬೇಕು, ಆ ಬಿಳುಪಿನ ಬಣ್ಣ ಹೀಗಿರಬೇಕು, ಕಪ್ಪಿನಿಂದ ಬಿಳಿಗೆ ಏರುವ ರೇಖೆ ಹೀಗಿರಬೇಕು ಎಂದು. ಪ್ರೊಫೈಲಿಂಗ್ ಎಂದರೆ ಹಾಗೆ ತಂದ ಮೇಲೆ ಮಾನಿಟರ್ ಪ್ರತಿ ಬಣ್ಣವನ್ನೂ ವಾಸ್ತವದಲ್ಲಿ ಹೇಗೆ ತೋರಿಸುತ್ತಿದೆ ಎಂದು ಅಳೆದು ಒಂದು ಕಡತದಲ್ಲಿ ಬರೆದಿಡುವುದು. ಫೋಟೊ ತಿದ್ದುವ ತಂತ್ರಾಂಶ ಈ ಕಡತವನ್ನು ಓದಿಯೇ ಬಣ್ಣಗಳನ್ನು ಸರಿಪಡಿಸಿ ತೋರಿಸುತ್ತದೆ. ಗುರಿಯನ್ನು ಆರಿಸುವ ಪ್ರಶ್ನೆಗಳೆಲ್ಲ ಮೊದಲನೆಯದಕ್ಕೆ ಸೇರಿದವು. ಎರಡನೆಯದನ್ನು ತಂತ್ರಾಂಶ ತಾನೇ ಮಾಡಿಕೊಳ್ಳುತ್ತದೆ.

ಬೇಕಾಗುವ ವಸ್ತುಗಳು

ಕಲರಿಮೀಟರ್ ಮತ್ತು ಅದರ ತಂತ್ರಾಂಶ. ಉಪಕರಣದ ಜೊತೆ ಬರುವುದೂ ಸಾಕು, ಉಚಿತವಾಗಿ ಸಿಗುವ ArgyllCMS ಹಾಗೂ ಅದರ ಮೇಲೆ ಕೆಲಸ ಮಾಡುವ DisplayCAL ಕೂಡ ಆಗುತ್ತದೆ. ಗುರಿಯನ್ನು ನಮಗೆ ಬೇಕಾದ ಹಾಗೆ ಬರೆಯಲು ಬಿಡುತ್ತವೆ ಎಂಬ ಕಾರಣಕ್ಕೆ ನಾನು ಈ ಎರಡನ್ನು ಬಳಸುತ್ತೇನೆ. ಪ್ರಿಂಟ್ ನೋಡಲು ಒಂದು ಒಳ್ಳೆಯ ಮೇಜುದೀಪ, ನೀವು ನಿಜವಾಗಿ ಮುದ್ರಿಸುವ ಕಾಗದದ ಖಾಲಿ ಹಾಳೆ, ಅದೇ ಕಾಗದದ ಮೇಲೆ ಸರಿಯಾದ ಪ್ರೊಫೈಲ್ ಬಳಸಿ ತೆಗೆದ ಒಂದು ಪ್ರಿಂಟ್, ಸ್ಪಾಟ್ ಮೀಟರಿಂಗ್ ಇರುವ ಕ್ಯಾಮೆರಾ. ಇಷ್ಟು ಸಾಕು. ದೀಪದ ಪೆಟ್ಟಿಗೆಯ ಮೇಲೆ 5,000 ಕೆಲ್ವಿನ್ ಎಂದೂ ಸಿಆರ್‌ಐ 90ಕ್ಕಿಂತ ಹೆಚ್ಚು ಎಂದೂ ಇರಲಿ. ಸಿಆರ್‌ಐ ಎಂದರೆ ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆ, ಗರಿಷ್ಠ 100.

ಹಂತ 1: ದೀಪವನ್ನು ನಿಲ್ಲಿಸಿ

ಮಾನಿಟರನ್ನು ಮುಟ್ಟುವ ಮೊದಲು ಪ್ರಿಂಟ್ ನೋಡುವ ಜಾಗವನ್ನು ಗೊತ್ತುಮಾಡಿ. ಕಿಟಕಿಯ ಬೆಳಕನ್ನು ನಂಬಬೇಡಿ. ಅದು ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು ಬಣ್ಣ, ಮೋಡ ಬಂದರೆ ಮತ್ತೊಂದು. ಪರದೆ ಎಳೆದು, ಮೇಜುದೀಪವನ್ನು ಮಾನಿಟರ್‌ನ ಪಕ್ಕದಲ್ಲಿ ಇಟ್ಟು, ಬೆಳಕು ಕಾಗದದ ಮೇಲೆ ಮಾತ್ರ ಬೀಳುವಂತೆ ತಿರುಗಿಸಿ.

ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಲೆಕ್ಕ ಹಾಕಿ ನೋಡಿ. ಮಾನಿಟರ್‌ನ ಮುಖದ ಮೇಲೆ 50 ಲಕ್ಸ್ ಬೆಳಕು ಬೀಳುತ್ತಿದೆ, ಆ ಮುಖ ಅದರಲ್ಲಿ ಶೇ. 2ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಆಗ ಪರದೆಯ ಮೇಲೆಲ್ಲ ಸುಮಾರು 0.3 ಕ್ಯಾಂಡೆಲಾ ಬೆಳಕಿನ ತೆಳು ಮಂಜು ಕವಿಯುತ್ತದೆ. ನೂರಹತ್ತು ಕ್ಯಾಂಡೆಲಾ ಬಿಳುಪಿರುವ ಸಾಮಾನ್ಯ ಮಾನಿಟರ್‌ನ ಕಪ್ಪು ಸುಮಾರು 0.1 ಕ್ಯಾಂಡೆಲಾ. ಅಂದರೆ ಪರದೆಯ ಕಪ್ಪಿಗಿಂತ ಅದರ ಮೇಲೆ ಬಿದ್ದ ಮಂಜೇ ಮೂರು ಪಟ್ಟು ಹೆಚ್ಚು. ನೆರಳಿನ ವಿವರ ಕಾಣುವುದಿಲ್ಲ, ನೀವು ಚಿತ್ರವನ್ನು ಬೆಳಗಿಸುತ್ತೀರಿ, ಪ್ರಿಂಟ್ ತೆಳುವಾಗಿ ಬರುತ್ತದೆ. ಪರದೆಯ ಮುಖಕ್ಕೆ ಅಂಗೈ ಅಡ್ಡ ಹಿಡಿದು ನೋಡಿ. ಅಂಗೈಯ ನೆರಳು ಕಪ್ಪು ಚಿತ್ರದ ಮೇಲೆ ಎದ್ದು ಕಂಡರೆ ದೀಪವನ್ನು ಇನ್ನೂ ತಿರುಗಿಸಬೇಕು.

ದೀಪ ಎಷ್ಟು ಬೆಳಗಿರಬೇಕು? ಪ್ರಿಂಟ್ ನೋಡುವ ಬೆಳಕಿಗೆಂದೇ ಇರುವ ಐಎಸ್‌ಒ 3664 ಎಂಬ ಮಾನದಂಡ ಎರಡು ಮಟ್ಟಗಳನ್ನು ಹೇಳುತ್ತದೆ. ಎರಡು ಪ್ರತಿಗಳನ್ನು ಕಟ್ಟುನಿಟ್ಟಾಗಿ ಹೋಲಿಸಲು 2,000 ಲಕ್ಸ್, ಪ್ರಿಂಟ್ ಒಟ್ಟಾರೆ ಹೇಗಿದೆ ಎಂದು ನೋಡಲು 500 ಲಕ್ಸ್. ಮನೆಯಲ್ಲೋ ಸ್ಟುಡಿಯೋದಲ್ಲೋ ಮಾನಿಟರ್ ಪಕ್ಕ ಕೆಲಸ ಮಾಡುವವರಿಗೆ ಎರಡನೆಯದೇ ಹತ್ತಿರ. 300ರಿಂದ 500 ಲಕ್ಸ್ ನಡುವೆ ಇದ್ದರೆ ಮಾನಿಟರ್ ಸುಲಭವಾಗಿ ಅದಕ್ಕೆ ಸರಿಗಟ್ಟುತ್ತದೆ. 2,000 ಲಕ್ಸ್ ಕೆಳಗಿನ ಬಿಳಿ ಕಾಗದ 570 ಕ್ಯಾಂಡೆಲಾ ದಾಟಿ ಬೆಳಗುತ್ತದೆ. ಆ ಮಟ್ಟಕ್ಕೆ ಬಹುಪಾಲು ಮಾನಿಟರ್‌ಗಳು ಏರುವುದೇ ಇಲ್ಲ.

ಹಂತ 2: ಮಾನಿಟರನ್ನು ಸಿದ್ಧಗೊಳಿಸಿ

ಅರ್ಧ ಗಂಟೆ ಉರಿಯಲು ಬಿಡಿ. ಬ್ಯಾಕ್‌ಲೈಟ್ ಬಿಸಿಯಾಗಿ ನೆಲೆಗೊಳ್ಳುವವರೆಗೆ ಬೆಳಕೂ ಬಣ್ಣವೂ ಜಾರುತ್ತಿರುತ್ತವೆ. ಆ ಹೊತ್ತಿನಲ್ಲಿ, ಬಳಕೆದಾರರನ್ನು ಕೇಳದೆ ತಾನಾಗಿ ಬದಲಾಗುವ ಎಲ್ಲವನ್ನೂ ಮುಚ್ಚಿ: ಕೋಣೆಯ ಬೆಳಕು ನೋಡಿ ಪರದೆ ಹೊಂದಿಸುವ ಸೆನ್ಸರ್, ರಾತ್ರಿ ಪರದೆಯನ್ನು ಹಳದಿ ಮಾಡುವ ಸೌಲಭ್ಯ, ಡೈನಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿತಾಯದ ಮೋಡ್, ಎಚ್‌ಡಿಆರ್. ಇವುಗಳಲ್ಲಿ ಒಂದು ಉಳಿದರೂ ಅಳೆಯುವಾಗ ಒಂದು ಸ್ಥಿತಿ, ಕೆಲಸ ಮಾಡುವಾಗ ಇನ್ನೊಂದು ಸ್ಥಿತಿ ಎಂದಾಗುತ್ತದೆ.

ಮಾನಿಟರ್‌ನ ಸ್ವಂತ ಮೆನುವಿನಲ್ಲಿ `User` ಅಥವಾ `Custom` ಎಂಬ ಮೋಡ್ ಆರಿಸಿ. ಅದರಲ್ಲಿ ಮಾತ್ರ ಕೆಂಪು, ಹಸಿರು, ನೀಲಿಯನ್ನು ಪ್ರತ್ಯೇಕವಾಗಿ ಹೆಚ್ಚು ಕಡಿಮೆ ಮಾಡಬಹುದು. ಕಾಂಟ್ರಾಸ್ಟನ್ನು ಕಾರ್ಖಾನೆಯ ಸಂಖ್ಯೆಯಲ್ಲೇ ಬಿಡಿ.

ಕಲರಿಮೀಟರ್ ತಂತ್ರಾಂಶದಲ್ಲಿ ಬ್ಯಾಕ್‌ಲೈಟ್‌ನ ಬಗೆಯನ್ನು ಕೇಳುತ್ತದೆ. ಇದನ್ನು ಅಂದಾಜಿನ ಮೇಲೆ ಒತ್ತಬೇಡಿ. ಕಲರಿಮೀಟರ್ ಎಂದರೆ ಮೂಲತಃ ಬಣ್ಣದ ಗಾಜಿನಂತಹ ಸೋಸುಗಳ ಹಿಂದೆ ಕುಳಿತ ಬೆಳಕಿನ ಕಣ್ಣು. ಆ ಸೋಸುಗಳು ಮನುಷ್ಯನ ಕಣ್ಣನ್ನು ಪೂರ್ತಿಯಾಗಿ ಅನುಕರಿಸುವುದಿಲ್ಲ. ಸಾಮಾನ್ಯ ಬಿಳಿ ಎಲ್‌ಇಡಿ, ವಿಸ್ತಾರ ಬಣ್ಣಗಳ ಎಲ್‌ಇಡಿ, ಓಎಲ್‌ಇಡಿ ಇವುಗಳ ಬೆಳಕಿನ ಹರವು ಬೇರೆ ಬೇರೆಯಾದ್ದರಿಂದ ಉಪಕರಣ ಮಾಡುವ ತಪ್ಪೂ ಬೇರೆ ಬೇರೆ. ಬಗೆಯನ್ನು ಸರಿಯಾಗಿ ಹೇಳಿದರೆ ತಂತ್ರಾಂಶ ಆ ತಪ್ಪನ್ನು ಕಳೆಯುತ್ತದೆ. ತಪ್ಪಾಗಿ ಹೇಳಿದರೆ ಎಲ್ಲ ಅಳತೆಗಳೂ ಚೊಕ್ಕವಾಗಿ ಕಂಡು ಪರದೆ ಮಾತ್ರ ಹಸಿರಿಗೋ ಗುಲಾಬಿಗೋ ವಾಲಿರುತ್ತದೆ. ನಿಮ್ಮ ಮಾನಿಟರ್‌ನ ಮಾದರಿ ಸಂಖ್ಯೆ ಹಿಡಿದು ಅದರ ಬ್ಯಾಕ್‌ಲೈಟ್ ಯಾವುದೆಂದು ಮೊದಲೇ ಹುಡುಕಿಟ್ಟುಕೊಳ್ಳಿ.

ಹಂತ 3: ಬೆಳಕಿನ ಗುರಿ

ಪ್ರಿಂಟ್ ಕಪ್ಪಾಗಿ ಬರುತ್ತದೆ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಪ್ರಿಂಟರ್ ತಪ್ಪು ಮಾಡಿರುವುದಿಲ್ಲ, ಪರದೆ ಅತಿಯಾಗಿ ಬೆಳಗುತ್ತಿರುತ್ತದೆ.

ನನ್ನ ಮೇಜಿನ ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಕರಿ ನಾಯಿಯೊಂದರ ಚಿತ್ರ. ಕತ್ತಿನ ಕೆಳಗಿನ ರೋಮದ ಒಂದೊಂದು ಎಳೆಯೂ ಪರದೆಯ ಮೇಲೆ ಎಣಿಸುವಷ್ಟು ಸ್ಪಷ್ಟ. ಪ್ರಿಂಟ್‌ನಲ್ಲಿ ಅಲ್ಲಿ ಒಂದು ಕಪ್ಪು ಕಲೆ ಮಾತ್ರ. ಅಳೆದು ನೋಡಿದಾಗ, ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಇದ್ದ ಮಾನಿಟರ್‌ನ ಬಿಳುಪು ಚದರ ಮೀಟರಿಗೆ 310 ಕ್ಯಾಂಡೆಲಾ ಇತ್ತು. ದೀಪದ ಕೆಳಗೆ ಕಾಗದ ಇದ್ದ ಜಾಗದಲ್ಲಿ ಬೆಳಕು 380 ಲಕ್ಸ್. ಈ ಎರಡು ಸಂಖ್ಯೆಗಳನ್ನು ಹೋಲಿಸಲು ಲಕ್ಸನ್ನು ಕ್ಯಾಂಡೆಲಾಗೆ ತರಬೇಕು. ಕಾಗದದ ಮೇಲೆ ಬಿದ್ದ ಬೆಳಕನ್ನು ಅದು ಮರಳಿಸುವ ಪಾಲಿನಿಂದ ಗುಣಿಸಿ, ಪೈ ಎಂಬ 3.14ರಿಂದ ಭಾಗಿಸಿದರೆ ಕಾಗದದ ಬಿಳುಪು ಸಿಗುತ್ತದೆ. ಫೋಟೊ ಕಾಗದ ಸುಮಾರು ಶೇ. 90ರಷ್ಟನ್ನು ಮರಳಿಸುತ್ತದೆ.

```
380 × 0.9 ÷ 3.14 ≈ 109
```

ಅಂದರೆ ಕಾಗದ 109 ಕ್ಯಾಂಡೆಲಾ ಬೆಳಗುತ್ತಿದೆ, ಪರದೆ 310. ಪರದೆ ಹತ್ತಿರ ಹತ್ತಿರ ಮೂರು ಪಟ್ಟು ಬೆಳಗಾಗಿದೆ, ಕ್ಯಾಮೆರಾದ ಭಾಷೆಯಲ್ಲಿ ಒಂದೂವರೆ ಸ್ಟಾಪ್. ಆ ಒಂದೂವರೆ ಸ್ಟಾಪ್ ಬೆಳಕಿನಲ್ಲೇ ನಾಯಿಯ ರೋಮ ಕಾಣುತ್ತಿದ್ದದ್ದು. ನನ್ನ ಗುರಿ 110 ಕ್ಯಾಂಡೆಲಾ ಎಂದು ಅಲ್ಲಿಗೆ ತೀರ್ಮಾನವಾಯಿತು. ಎಲ್ಲರೂ ಹೇಳುವ 80ರಿಂದ 120ರ ಸಂಖ್ಯೆಯೂ ಇದೇ ಲೆಕ್ಕದೊಳಗೆ ಬರುತ್ತದೆ: ಸುಮಾರು 280ರಿಂದ 420 ಲಕ್ಸ್ ಇರುವ ಮೇಜುಗಳಿಗೆ ಅದು ಸರಿ, ಉಳಿದವುಗಳಿಗೆ ಅಲ್ಲ.

ಲಕ್ಸ್ ಅಳೆಯಲು ಕೆಲವು ಕಲರಿಮೀಟರ್‌ಗಳಿಗೆ ಬಿಳಿ ಮುಚ್ಚಳವೊಂದು ಇರುತ್ತದೆ. ಅದನ್ನು ಹಾಕಿ, ಕಾಗದ ಇರುವ ಜಾಗದಲ್ಲೇ ಮೇಲ್ಮುಖವಾಗಿ ಇಟ್ಟು ಅಳೆಯಿರಿ. ಅಂತಹ ಮುಚ್ಚಳ ಇಲ್ಲದಿದ್ದರೆ ಕ್ಯಾಮೆರಾ ಸಾಕು. ಐಎಸ್‌ಒ ಮತ್ತು ಅಪರ್ಚರ್ ಒಂದೇ ಇರಲಿ, ಸ್ಪಾಟ್ ಮೀಟರಿಂಗ್‌ಗೆ ಹಾಕಿ, ದೀಪದ ಕೆಳಗಿನ ಖಾಲಿ ಕಾಗದದ ನಡುವನ್ನು ನೋಡಿ ಶಟರ್ ವೇಗವನ್ನು ಬರೆದುಕೊಳ್ಳಿ. ನಂತರ ಪರದೆಯ ತುಂಬ ಬಿಳಿ ತೋರಿಸಿ ಅದನ್ನೂ ಹಾಗೆಯೇ ನೋಡಿ. ಎರಡೂ ವೇಗ ಒಂದೇ ಆಗುವವರೆಗೆ ಮಾನಿಟರ್‌ನ ಬ್ರೈಟ್‌ನೆಸ್ ಇಳಿಸುತ್ತ ಹೋಗಿ, ಕೊನೆಗೆ ಕಲರಿಮೀಟರ್‌ನಿಂದ ಪರದೆಯನ್ನು ಅಳೆದರೆ ಬಂದ ಸಂಖ್ಯೆಯೇ ನಿಮ್ಮ ಗುರಿ. ಕ್ಯಾಮೆರಾ ಮೂರನೇ ಒಂದು ಸ್ಟಾಪ್‌ನ ಹೆಜ್ಜೆಗಳಲ್ಲಿ ಹೇಳುತ್ತದೆ, ಒಂದು ಹೆಜ್ಜೆಗೆ ಶೇ. 26ರಷ್ಟು ವ್ಯತ್ಯಾಸ. ಆದ್ದರಿಂದ ಕೊನೆಯ ಸ್ವಲ್ಪವನ್ನು ಕಣ್ಣಿನಿಂದಲೇ ಹೊಂದಿಸಬೇಕಾಗುತ್ತದೆ.

ಪ್ರಿಂಟ್ ಕೊನೆಗೆ ನೇತಾಡುವುದು ಇದಕ್ಕಿಂತ ಮಂದವಾದ ಗೋಡೆಯ ಮೇಲೆ ಎಂದು ಗೊತ್ತಿದ್ದರೆ, ಮಾನಿಟರನ್ನು ಆ ಗೋಡೆಗೆ ಹೊಂದಿಸಲು ಹೋಗಬೇಡಿ. ಮೇಜಿನ ಮೇಲೆ ಹೊಂದಾಣಿಕೆ ಸರಿಯಾಗಿರಲಿ. ಗೋಡೆಗಾಗಿ ಆ ಚಿತ್ರದ ನೆರಳನ್ನು ಮಾತ್ರ ಸ್ವಲ್ಪ ಎತ್ತಿ ಬೇರೆ ಪ್ರತಿ ತೆಗೆಯಿರಿ.

ಹಂತ 4: ಬಿಳಿ ಬಿಂದು

ಬಿಳಿ ಬಿಂದು ಎಂದರೆ ಪರದೆಯ ಅತ್ಯಂತ ಬೆಳಗಿನ ಬಿಳಿಯ ಬಣ್ಣ. ಸಂಖ್ಯೆ ಕಡಿಮೆಯಾದಷ್ಟೂ ಹಳದಿಯತ್ತ, ಹೆಚ್ಚಾದಷ್ಟೂ ನೀಲಿಯತ್ತ. ಮುದ್ರಣ ಲೋಕದ ರೂಢಿ ಡಿ50, ಅಂದರೆ ಸುಮಾರು 5,000 ಕೆಲ್ವಿನ್. ಪರದೆಗಳ ರೂಢಿ ಡಿ65, ಸುಮಾರು 6,500. ದೀಪ 5,000 ಇದೆ, ಹಾಗಾಗಿ ಪರದೆಯೂ 5,000 ಇರಬೇಕು ಎಂದು ತರ್ಕ ಮಾಡಿ ಹಾಗೆಯೇ ಹೊಂದಿಸಿದವರು ಮರುದಿನವೇ ಕೇಳುತ್ತಾರೆ: ಪರದೆ ಕಾಗದಕ್ಕಿಂತ ಹಳದಿಯಾಗಿ ಕಾಣುತ್ತಿದೆ, ಕಲರಿಮೀಟರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಎರಡು ಕಾರಣಗಳಿವೆ. ಒಂದು, ಕಾಗದದಲ್ಲೇ ಇದೆ. ಬಹಳಷ್ಟು ಫೋಟೊ ಕಾಗದಗಳಿಗೆ ಬೆಳಗುಕಾರಕ ರಾಸಾಯನಿಕ ಬೆರೆಸಿರುತ್ತಾರೆ. ದೀಪದಲ್ಲಿನ ಅತಿನೇರಳೆಯನ್ನು ಅದು ನೀಲಿ ಬೆಳಕಾಗಿ ಮಾರ್ಪಡಿಸಿ ಹೊರಬಿಡುತ್ತದೆ. 5,000 ಕೆಲ್ವಿನ್ ದೀಪದ ಕೆಳಗಿನ ಆ ಕಾಗದ ದೀಪಕ್ಕಿಂತ ನೀಲಿಯಾಗಿರುತ್ತದೆ. ಇನ್ನೊಂದು ಕಾರಣ ನಮ್ಮ ಕಣ್ಣು. ಪರದೆಯ ಬಿಳಿ ಮೂರು ಬಣ್ಣಗಳ ಚೂಪಾದ ಬೆಳಕುಗಳಿಂದ ಕೂಡಿದ್ದು, ಕಾಗದದ ಬಿಳಿ ಹರಡಿದ ಬೆಳಕು. ಉಪಕರಣದ ಸಂಖ್ಯೆಯಲ್ಲಿ ಎರಡೂ ಒಂದೇ ಬಂದರೂ ಒಬ್ಬೊಬ್ಬರ ಕಣ್ಣಿಗೆ ಸ್ವಲ್ಪ ಬೇರೆಯಾಗಿ ಕಾಣುತ್ತವೆ. ವಿಸ್ತಾರ ಬಣ್ಣಗಳ ಪರದೆಯಲ್ಲಿ ಈ ಅಂತರ ಇನ್ನೂ ಹೆಚ್ಚು.

ಆದ್ದರಿಂದ ಬಿಳಿ ಬಿಂದುವನ್ನು ಕಣ್ಣಿನಿಂದ ಹೊಂದಿಸಿ, ಉಪಕರಣದಿಂದ ಅಳೆದು ಗುರಿಯಾಗಿ ಬರೆದಿಡುವುದು ನಾನು ಅನುಭವದಿಂದ ನೆಚ್ಚಿಕೊಂಡ ದಾರಿ. ಅದು ಹೀಗೆ.

ಮಾನಿಟರ್‌ನ ಹಿನ್ನೆಲೆಯನ್ನು ನಡುಬೂದು ಮಾಡಿ. ಅದರ ಮೇಲೆ ಖಾಲಿ ಹಾಳೆಯಷ್ಟೇ ದೊಡ್ಡ ಬಿಳಿ ಆಯತವನ್ನು ತೋರಿಸಿ. ನಿಜವಾದ ಹಾಳೆಯನ್ನು ದೀಪದ ಕೆಳಗೆ, ಪರದೆಯಷ್ಟೇ ದೂರದಲ್ಲಿ ನಿಲ್ಲಿಸಿ. ಐದು ನಿಮಿಷ ಹಾಳೆಯ ಕಡೆ ನೋಡುತ್ತ ಕಣ್ಣನ್ನು ಒಗ್ಗಿಸಿಕೊಳ್ಳಿ. ಪರದೆಯನ್ನೇ ದಿಟ್ಟಿಸುತ್ತ ಕುಳಿತರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ, ಆಮೇಲೆ ಯಾವ ತೀರ್ಪೂ ನಿಲ್ಲುವುದಿಲ್ಲ. ಹಾಳೆಯಿಂದ ಪರದೆಗೆ ಒಮ್ಮೆ ಸರಕ್ಕನೆ ನೋಡಿ, ಮತ್ತೆ ಹಾಳೆಗೆ ಬನ್ನಿ. ಪರದೆ ನೀಲಿಯಾಗಿ ಕಂಡರೆ ಮೆನುವಿನಲ್ಲಿ ನೀಲಿಯನ್ನು ಎರಡು ಅಂಕ ಇಳಿಸಿ. ಹಸಿರಾಗಿ ಕಂಡರೆ ಹಸಿರನ್ನು. ಯಾವ ಬಣ್ಣವನ್ನೂ ಕಾರ್ಖಾನೆಯ ಸಂಖ್ಯೆಗಿಂತ ಮೇಲೆ ಏರಿಸಬೇಡಿ. ಬೆಳಗಿನ ಭಾಗದಲ್ಲಿ ಆ ಬಣ್ಣ ತುಂಬಿಹೋಗಿ ವಿವರ ಕಳೆದುಹೋಗುತ್ತದೆ. ಬಣ್ಣ ಇಳಿಸಿದಂತೆ ಒಟ್ಟು ಬೆಳಕೂ ಇಳಿಯುವುದರಿಂದ ನಡುನಡುವೆ ಬ್ರೈಟ್‌ನೆಸ್ಸನ್ನು 110ಕ್ಕೆ ಮರಳಿ ತರಬೇಕು.

ನನ್ನ ಮಾನಿಟರ್‌ನಲ್ಲಿ ಮೂರೂ ಬಣ್ಣ 100ರಿಂದ ಶುರುವಾಗಿ, ಕೆಂಪು 100, ಹಸಿರು 95, ನೀಲಿ 88ಕ್ಕೆ ಬಂದಾಗ ಹಾಳೆಯೂ ಆಯತವೂ ಒಂದೇ ಎನಿಸಿತು. ಅಲ್ಲಿ ಕಲರಿಮೀಟರ್ ಇಟ್ಟು ಅಳೆದರೆ ಬಂದದ್ದು ಎಕ್ಸ್ 0.331, ವೈ 0.343. ಇವು ಬಣ್ಣದ ನಕ್ಷೆಯ ಮೇಲಿನ ಸ್ಥಾನವನ್ನು ಹೇಳುವ ಎರಡು ಅಂಕೆಗಳು. ಕೆಲ್ವಿನ್‌ನಲ್ಲಿ ಹೇಳಿದರೆ ಸುಮಾರು 5,560. ಆದರೆ ಕೆಲ್ವಿನ್ ಸಂಖ್ಯೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ: ಹಳದಿ-ನೀಲಿ ಎಷ್ಟು ಎಂದು ಅದು ಹೇಳುತ್ತದೆ, ಹಸಿರು-ಗುಲಾಬಿ ಎಷ್ಟು ಎಂದು ಹೇಳುವುದಿಲ್ಲ. ಡಿ55 ಎಂಬ ಬಿಳಿಯ ಸ್ಥಾನ 0.332, 0.347. ನನ್ನ ಕಣ್ಣಿಗೆ ಹೊಂದಿದ ಬಿಳಿ ಅದಕ್ಕಿಂತ ಕೊಂಚ ಕಡಿಮೆ ಹಸಿರು. ಆದ್ದರಿಂದಲೇ ಗುರಿಯನ್ನು ಕೆಲ್ವಿನ್‌ನಲ್ಲಿ ಬರೆಯದೆ ಈ ಎರಡು ಅಂಕೆಗಳಲ್ಲೇ ಬರೆಯಿರಿ.

ಒಂದು ಎಚ್ಚರಿಕೆ ಇಲ್ಲಿ ಅತ್ಯಗತ್ಯ. ಫೋಟೊಶಾಪ್‌ನ ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಪ್ರಿಂಟ್ ಹೇಗೆ ಬರಬಹುದು ಎಂದು ಪರದೆಯ ಮೇಲೆ ಮೊದಲೇ ತೋರಿಸುವ ಸೌಲಭ್ಯದಲ್ಲಿ, `Simulate Paper Color` ಎಂಬ ಗುರುತು ಇದೆ. ಅದನ್ನು ಹಾಕಿದರೆ ತಂತ್ರಾಂಶ ಕಾಗದದ ಬಣ್ಣವನ್ನು ಪರದೆಯ ಬಿಳಿಯ ಮೇಲೆ ಬಳಿದು ತೋರಿಸುತ್ತದೆ. ನೀವು ಈಗಾಗಲೇ ಪರದೆಯನ್ನೇ ಕಾಗದದ ಬಿಳಿಗೆ ತಂದಿದ್ದೀರಿ. ಅದರ ಮೇಲೆ ಮತ್ತೆ ಕಾಗದ ಬಳಿದರೆ ಒಂದೇ ಲೆಕ್ಕವನ್ನು ಎರಡು ಸಲ ಹಾಕಿದಂತೆ. ಚಿತ್ರ ಬೂದಿ ಬಡಿದಂತೆ ಕಾಣುತ್ತದೆ. ಈ ಲೇಖನದ ದಾರಿಯಲ್ಲಿ ನಡೆಯುವವರು ಆ ಗುರುತನ್ನು ತೆಗೆದು, `Simulate Black Ink` ಒಂದನ್ನೇ ಇಟ್ಟುಕೊಳ್ಳಬೇಕು. ಅನೇಕ ಬಗೆಯ ಕಾಗದಗಳ ಮೇಲೆ ಮುದ್ರಿಸುವವರಿಗೆ ಮಾತ್ರ ಇನ್ನೊಂದು ದಾರಿ ಅನುಕೂಲ: ಪರದೆಯನ್ನು ಕಾಗದಕ್ಕೆ ಹೊಂದಿಸದೆ ದೀಪಕ್ಕೆ ಹೊಂದಿಸಿ, 0.9ರ ಗುಣಾಕಾರವನ್ನು ಬಿಟ್ಟು ಬೆಳಕಿನ ಗುರಿಯನ್ನು 121 ಕ್ಯಾಂಡೆಲಾಗೆ ಏರಿಸಿ, ಆ ಗುರುತನ್ನು ಹಾಕಿಕೊಂಡೇ ಕೆಲಸ ಮಾಡುವುದು. ಆಗ ತಂತ್ರಾಂಶದ ಬಿಳಿ ಪಟ್ಟಿಗಳನ್ನೆಲ್ಲ ಮರೆಮಾಡಿ ಪೂರ್ಣಪರದೆಯಲ್ಲಿ ನೋಡಬೇಕು. ಇಲ್ಲದಿದ್ದರೆ ಪಕ್ಕದ ಅಚ್ಚ ಬಿಳಿಯ ಮುಂದೆ ಚಿತ್ರ ಮಂಕಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಬೆರೆಸಬೇಡಿ.

ಹಂತ 5: ಗಾಮಾ

2.2 ಎಂದು ಬರೆಯಿರಿ. ಗಾಮಾ ಎಂದರೆ ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೇಖೆಯ ಬಾಗು. ಮುದ್ರಣಕ್ಕೆ 1.8 ಇರಬೇಕು ಎಂಬ ಮಾತು ಹಳೆಯ ಮ್ಯಾಕ್ ಕಂಪ್ಯೂಟರ್‌ಗಳ ಕಾಲದ್ದು. ಆ್ಯಪಲ್ ಕೂಡ 2009ರ ಮ್ಯಾಕ್ ಓಎಸ್ ಎಕ್ಸ್ 10.6ರಲ್ಲಿ 2.2ಕ್ಕೆ ಬಂದಾಗಿದೆ.

ಈ ಸಂಖ್ಯೆಗಾಗಿ ಜನ ಪಡುವಷ್ಟು ಚಿಂತೆ ಬೇಕಿಲ್ಲ. ಪ್ರೊಫೈಲ್ ಓದುವ ತಂತ್ರಾಂಶಕ್ಕೆ ಮಾನಿಟರ್‌ನ ಗಾಮಾ ಎಷ್ಟೆಂದು ಗೊತ್ತಿರುತ್ತದೆ; ಅದಕ್ಕೆ ತಕ್ಕಂತೆ ಚಿತ್ರವನ್ನು ತಿದ್ದಿಯೇ ತೋರಿಸುತ್ತದೆ. 1.8 ಇಟ್ಟರೂ 2.2 ಇಟ್ಟರೂ ಚಿತ್ರದ ನಡುಛಾಯೆ ಬಹುಮಟ್ಟಿಗೆ ಒಂದೇ ಆಗಿ ಕಾಣುತ್ತದೆ. ಹಾಗಾದರೆ 2.2 ಏಕೆ? ಮಾನಿಟರ್ ಕಾರ್ಖಾನೆಯಿಂದ ಬರುವುದೇ ಅದರ ಆಸುಪಾಸಿನಲ್ಲಿ. ಗುರಿ ಅಲ್ಲಿಂದ ದೂರ ಸರಿದಷ್ಟೂ ಗ್ರಾಫಿಕ್ಸ್ ಕಾರ್ಡ್ ರೇಖೆಯನ್ನು ಹೆಚ್ಚು ಬಾಗಿಸಬೇಕು. ಎಂಟು ಬಿಟ್‌ನ 256 ಮೆಟ್ಟಿಲುಗಳಲ್ಲಿ ಕೆಲವು ಒಂದರ ಮೇಲೊಂದು ಕೂರುತ್ತವೆ, ಕೆಲವು ಕಡೆ ಮೆಟ್ಟಿಲೇ ತಪ್ಪುತ್ತದೆ. ಕಪ್ಪಿನಿಂದ ಬಿಳಿಗೆ ಹರಿಯುವ ಬೂದು ಪಟ್ಟಿಯಲ್ಲಿ ಅದು ಗೆರೆಗೆರೆಯಾಗಿ ಕಾಣುತ್ತದೆ.

ಹಂತ 6: ಓಡಿಸುವುದು

ಇಷ್ಟಾದ ಮೇಲೆ ಉಳಿದದ್ದು ಸರಳ. ಪರದೆಯ ಮುಖವನ್ನು ಒಣ ಬಟ್ಟೆಯಿಂದ ಒರೆಸಿ, ಕಲರಿಮೀಟರನ್ನು ನಡುವಿನಲ್ಲಿ ತೂಗುಬಿಟ್ಟು, ಅದು ಗಾಜಿಗೆ ಸಪಾಟಾಗಿ ಅಂಟಿಕೊಳ್ಳುವಂತೆ ಮಾನಿಟರನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಅಂಚಿನಿಂದ ಬೆಳಕು ನುಸುಳದಿರಲಿ. ಮೇಜುದೀಪವನ್ನೂ ಅಷ್ಟು ಹೊತ್ತು ಆರಿಸುವುದು ಒಳ್ಳೆಯದು. ತಂತ್ರಾಂಶದಲ್ಲಿ ಬಿಳಿ ಬಿಂದು, ಬೆಳಕು, ಗಾಮಾ ಮೂರನ್ನೂ ತುಂಬಿ ಶುರು ಮಾಡಿ. ಟರ್ಮಿನಲ್‌ನಲ್ಲಿ ಆರ್ಗಿಲ್ ಬಳಸುವವರಿಗೆ ಕ್ಯಾಲಿಬ್ರೇಷನ್‌ನ ಆದೇಶ ಇದು:

```
dispcal -v -y l -w 0.331,0.343 -b 110 -g 2.2 -q m desk
```

ಮೊದಲು ತೆರೆಯುವ ಹೊಂದಾಣಿಕೆಯ ಪರದೆಯಲ್ಲಿ ಕೆಂಪು, ಹಸಿರು, ನೀಲಿಯ ಸ್ಥಿತಿ ತೋರಿಸುತ್ತದೆ. ನಾಲ್ಕನೇ ಹಂತದಲ್ಲಿ ಮಾನಿಟರ್‌ನ ಗುಂಡಿಗಳಿಂದಲೇ ಹೊಂದಿಸಿದ್ದರೆ ಮೂರೂ ಆಗಲೇ ಗುರಿಯ ಹತ್ತಿರ ಇರುತ್ತವೆ, ಗ್ರಾಫಿಕ್ಸ್ ಕಾರ್ಡ್ ಮಾಡಬೇಕಾದ ಕೆಲಸ ಬಹಳ ಕಡಿಮೆ ಉಳಿಯುತ್ತದೆ. ಅದನ್ನು ಬಿಟ್ಟು ಎಲ್ಲವನ್ನೂ ತಂತ್ರಾಂಶದ ತಲೆಗೆ ಕಟ್ಟಿದರೆ ಮತ್ತೆ ಅದೇ ಗೆರೆಗಳು.

ಪ್ರೊಫೈಲ್‌ನ ಬಗೆ ಕೇಳಿದಾಗ ಒಂದೇ ರೇಖೆ ಮತ್ತು ಮ್ಯಾಟ್ರಿಕ್ಸ್ ಇರುವ ಸರಳವಾದದ್ದನ್ನು ಆರಿಸಿ. ನೆಟ್ಟಗಿರುವ ಮಾನಿಟರ್‌ಗೆ ಅದು ಸಾಕು, ಎಲ್ಲ ತಂತ್ರಾಂಶಗಳೂ ಅದನ್ನು ಸರಿಯಾಗಿ ಓದುತ್ತವೆ.

ಹಂತ 7: ಸರಿಯಾಯಿತೇ ಎಂದು ನೋಡುವುದು

ಮುಗಿದ ಮೇಲೆ ತಂತ್ರಾಂಶ ವರದಿ ಕೊಡುತ್ತದೆ. ಡೆಲ್ಟಾ ಇ ಎಂಬುದು ಗುರಿಯ ಬಣ್ಣಕ್ಕೂ ಅಳೆದ ಬಣ್ಣಕ್ಕೂ ಇರುವ ಅಂತರ. ಸರಾಸರಿ 1ರ ಒಳಗಿದ್ದರೆ ಚೆನ್ನಾಗಿದೆ. ಆದರೆ ಈ ವರದಿ ಏನನ್ನು ಹೇಳುವುದಿಲ್ಲ ಎಂಬುದೂ ತಿಳಿದಿರಲಿ. ಹೊಂದಿಸಿದ್ದೂ ಪರೀಕ್ಷಿಸಿದ್ದೂ ಒಂದೇ ಉಪಕರಣ. ಉಪಕರಣ ತಪ್ಪು ಅಳೆಯುತ್ತಿದ್ದರೆ ವರದಿಯಲ್ಲೂ ಅದೇ ತಪ್ಪು ಇದ್ದು, ಅಂಕಗಳು ಮಾತ್ರ ಅತ್ಯುತ್ತಮವಾಗಿರುತ್ತವೆ. ಎರಡನೇ ಹಂತದ ಬ್ಯಾಕ್‌ಲೈಟ್ ಆಯ್ಕೆ ತಪ್ಪಿದಾಗ ಆಗುವುದು ಇದೇ.

ನಿಜವಾದ ಪರೀಕ್ಷೆ ಪ್ರಿಂಟ್. ದೀಪ ಹಚ್ಚಿ, ಪ್ರಿಂಟನ್ನು ಪಕ್ಕದಲ್ಲಿಟ್ಟು, ಅದೇ ಚಿತ್ರವನ್ನು ಸಾಫ್ಟ್ ಪ್ರೂಫ್‌ನಲ್ಲಿ ಅದೇ ಗಾತ್ರಕ್ಕೆ ತೆರೆಯಿರಿ. ವ್ಯತ್ಯಾಸ ಕಂಡರೆ ಅದು ಎಲ್ಲಿದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ.

ಇಡೀ ಪ್ರಿಂಟ್ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕಪ್ಪಾಗಿದ್ದರೆ ಬೆಳಕಿನ ಗುರಿ ಹೆಚ್ಚಾಗಿದೆ. ಮೂರನೇ ಹಂತಕ್ಕೆ ಹೋಗಿ. ನಡುಛಾಯೆಗಳು ಹೊಂದಿ, ಆಳದ ನೆರಳು ಮಾತ್ರ ಪರದೆಯಲ್ಲಿ ಹೆಚ್ಚು ಗಾಢವಾಗಿದ್ದರೆ ಗುರಿ ಸರಿಯಿದೆ. ಮಾನಿಟರ್‌ನ ಬಿಳುಪು ಅದರ ಕಪ್ಪಿನ ಸಾವಿರ ಪಟ್ಟು. ಹೊಳಪು ಕಾಗದದ ಮೇಲೆ ಅದು ಇನ್ನೂರು ಪಟ್ಟಿನ ಸುತ್ತ, ಮ್ಯಾಟ್ ಕಾಗದದಲ್ಲಿ ನಲವತ್ತು ಐವತ್ತು ಪಟ್ಟು ಮಾತ್ರ. ಕಪ್ಪು ಶಾಯಿಯ ಅನುಕರಣೆಯ ಗುರುತು ಹಾಕಿದರೆ ಈ ಅಂತರ ಮುಚ್ಚುತ್ತದೆ. ನನ್ನ ಕರಿ ನಾಯಿಯ ಚಿತ್ರವನ್ನು 110 ಕ್ಯಾಂಡೆಲಾ ಪರದೆಯಲ್ಲಿ, ಆ ಗುರುತು ಹಾಕಿ ತೆರೆದಾಗ ಕತ್ತಿನ ಕೆಳಗಿನ ರೋಮ ಪ್ರಿಂಟ್‌ನಲ್ಲಿದ್ದ ಹಾಗೆಯೇ ಕಪ್ಪಾಗಿ ಕೂಡಿಕೊಂಡಿತ್ತು. ಆ ಭಾಗವನ್ನು ಮುಕ್ಕಾಲು ಸ್ಟಾಪ್ ಎತ್ತಿ ಮತ್ತೆ ಮುದ್ರಿಸಿದೆ. ರೋಮ ಕಾಗದದ ಮೇಲೂ ಬಿಡಿಬಿಡಿಯಾಗಿ ಬಂತು.

ಒಂದು ಗಾಢ ನೀಲಿಯೋ ಕಡು ಕಿತ್ತಳೆಯೋ ಮಾತ್ರ ಮಂಕಾಗಿ, ಉಳಿದದ್ದೆಲ್ಲ ಹೊಂದಿದರೆ ಅದು ಶಾಯಿಯ ಮಿತಿ, ಮಾನಿಟರನ್ನು ಮುಟ್ಟಬೇಡಿ. ಬೂದು ಭಾಗಗಳೆಲ್ಲ ಒಂದೇ ಬಣ್ಣಕ್ಕೆ ವಾಲಿದ್ದರೆ ನಾಲ್ಕನೇ ಹಂತವನ್ನು, ಕಣ್ಣು ದಣಿಯದ ಬೇರೆ ಹೊತ್ತಿನಲ್ಲಿ, ಮತ್ತೊಮ್ಮೆ ಮಾಡಿ. ಪ್ರಿಂಟ್‌ನ ಬಣ್ಣ ಗುರುತೇ ಸಿಗದಷ್ಟು ಕೆಟ್ಟಿದ್ದರೆ ಪ್ರೊಫೈಲ್‌ಗಳು ಅದಲುಬದಲಾಗಿವೆ. ಮಾನಿಟರ್‌ನ ಪ್ರೊಫೈಲನ್ನು ಪ್ರಿಂಟರ್‌ನ ಜಾಗದಲ್ಲಿ ಆರಿಸಿರಬಹುದು, ಅಥವಾ ಫೋಟೊಶಾಪ್ ಮತ್ತು ಪ್ರಿಂಟರ್ ಡ್ರೈವರ್ ಎರಡೂ ಬಣ್ಣ ತಿದ್ದುತ್ತಿರಬಹುದು. ತಿದ್ದುವ ಕೆಲಸ ಒಂದರ ಪಾಲಿಗಷ್ಟೇ ಇರಲಿ.

ಕಂಪ್ಯೂಟರ್ ಏಳುವಾಗ ಪರದೆಯ ಬೂದು ಬಣ್ಣ ಕ್ಷಣಕಾಲ ಕದಲಿ ನಿಲ್ಲುತ್ತದೆಯೇ ಎಂದು ಗಮನಿಸುವ ಅಭ್ಯಾಸ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್‌ಗೆ ನಿಮ್ಮ ರೇಖೆ ತಲುಪುವ ಗಳಿಗೆ ಅದು. ಡ್ರೈವರ್ ನವೀಕರಣಗೊಂಡಾಗ, ಆಟವೊಂದು ಪೂರ್ಣಪರದೆಯಲ್ಲಿ ಓಡಿದಾಗ ಆ ರೇಖೆ ಅಳಿಸಿಹೋಗುವುದುಂಟು. ಅನುಮಾನ ಬಂದರೆ ಈ ಆದೇಶ ಕೊಡಿ, ಕಲರಿಮೀಟರ್ ಈಗಿನ ಸ್ಥಿತಿಯನ್ನು ಅಳೆದು ಬೆಳಕು, ಬಿಳಿ ಬಿಂದು, ಗಾಮಾ ಮೂರನ್ನೂ ಹೇಳುತ್ತದೆ:

```
dispcal -v -y l -r
```

ತಿಂಗಳಿಗೊಮ್ಮೆ ಇದನ್ನು ಅಳೆದು, ಬಂದ ಸಂಖ್ಯೆಗಳನ್ನು ತಾರೀಕಿನ ಜೊತೆ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಹಿಂದೆ ಅಂಟಿಸಿ. ಬೆಳಕು 110ರಿಂದ ನೂರರ ಹತ್ತಿರಕ್ಕೆ ಇಳಿದಿದ್ದರೆ ಬ್ರೈಟ್‌ನೆಸ್ ಎರಡಂಕ ಏರಿಸಿ ಮತ್ತೆ ಓಡಿಸಿದರಾಯಿತು. ಮೇಜುದೀಪವನ್ನು ಬದಲಿಸಿದ ದಿನ ಅಥವಾ ಬೇರೆ ಕಾಗದಕ್ಕೆ ಹೋದ ದಿನ ಮಾತ್ರ ಮೂರನೇ ಹಂತದಿಂದ ಮತ್ತೆ ಶುರು ಮಾಡಬೇಕು.